ಎರಡನೆಯ ಕ್ರಿಯಾಪದದ ಜಾಗ

ಕರಾವಳಿಯ ಒಂದೂರಿನ ಪಳ್ಳಿಯ ದರ್ಸಿನಲ್ಲಿ ಬಹುಕಾಲ ಅರಬಿ ವ್ಯಾಕರಣ ಹೇಳಿಕೊಟ್ಟು ಈಗ ಮನೆಯಲ್ಲಿರುವ ಹಿರಿಯರು ಒಬ್ಬರು. ಅದೇ ಊರಿನ ಕಾಲೇಜಿನಲ್ಲಿ ಅರಬಿಯನ್ನು ಎರಡನೆಯ ಭಾಷೆಯಾಗಿ ಕಲಿಸುವ ಅಧ್ಯಾಪಕಿ ಇನ್ನೊಬ್ಬರು. ಹಿರಿಯರು ಕಲಿತದ್ದೂ ಕಲಿಸಿದ್ದೂ ಇಬ್ನ್ ಮಾಲಿಕನ 'ಅಲ್ಫಿಯ್ಯ'. ಸ್ಪೇನಿನ ಹಾಯೆನ್ ಪಟ್ಟಣದಲ್ಲಿ ಹುಟ್ಟಿ 1274ರಲ್ಲಿ ದಮಾಸ್ಕಸ್‌ನಲ್ಲಿ ತೀರಿಕೊಂಡ ಆ ಪಂಡಿತ ಅರಬಿ ವ್ಯಾಕರಣವನ್ನೆಲ್ಲ ಸುಮಾರು ಸಾವಿರ ಪದ್ಯಗಳಲ್ಲಿ ಕಟ್ಟಿಟ್ಟಿದ್ದಾನೆ. ಅಧ್ಯಾಪಕಿಯ ಕೈಯಲ್ಲಿರುವುದು ಹೊಸ ಪಠ್ಯಪುಸ್ತಕ ಮತ್ತು ಒಂದು ಕಟ್ಟು ಉತ್ತರ ಪತ್ರಿಕೆ. ಮಾತು ಶುರುವಾದದ್ದು ಆ ಕಟ್ಟಿನಲ್ಲಿದ್ದ ಒಂದು ವಾಕ್ಯದಿಂದ.

ಅಧ್ಯಾಪಕಿ: ಉಸ್ತಾದರೇ, ಇದನ್ನು ನೋಡಿ. 'ವಿದ್ಯಾರ್ಥಿಗಳು ಬರೆಯತೊಡಗಿದರು' ಎಂಬುದನ್ನು ಅರಬಿಗೆ ತಿರುಗಿಸಲು ಕೊಟ್ಟಿದ್ದೆ. ಬಹಳ ಮಕ್ಕಳು ಬರೆದಿರುವುದು ಹೀಗೆ: 'ಶರಅ ಅತ್ತುಲ್ಲಾಬು ಅನ್ ಯಕ್ತುಬೂ'.

ಹಿರಿಯರು: ತಪ್ಪಲ್ಲವೇ ಮಗಳೇ? 'ಶರಅ' ಬಂದ ಮೇಲೆ 'ಅನ್'ಗೆ ಅಲ್ಲಿ ಜಾಗವೇ ಇಲ್ಲ. 'ಶರಅ ಅತ್ತುಲ್ಲಾಬು ಯಕ್ತುಬೂನ' ಆಗಬೇಕು.

ಅಧ್ಯಾಪಕಿ: ತಪ್ಪು ಅನ್ನುವುದು ಸರಿ. ಆದರೆ ಆ ತಪ್ಪು ಎಲ್ಲಿಂದ ಬಂತು ಅಂತಲೂ ಗೊತ್ತಾಗುತ್ತದೆ. 'ಬರೆಯಲು ಬಯಸಿದ' ಎಂಬುದಕ್ಕೆ 'ಅರಾದ ಅನ್ ಯಕ್ತುಬ' ಎಂದು ಅವರು ಮೊದಲೇ ಕಲಿತಿದ್ದಾರೆ. ಕನ್ನಡದಲ್ಲಿ 'ಬರೆಯಲು' ಕಂಡರೆ ಅರಬಿಯಲ್ಲಿ 'ಅನ್' ಹಾಕಬೇಕು ಎಂದು ಮನಸ್ಸಿನಲ್ಲಿ ಕೂತುಬಿಟ್ಟಿದೆ. 'ಬರೆಯಲು ಶುರುಮಾಡಿದ' ಅಂದಾಗಲೂ ಕೈ ಅತ್ತಲೇ ಹೋಗುತ್ತದೆ. ಅದಕ್ಕೆ ನಾನು ಒಂದು ಅಚ್ಚು ಹೇಳಿಕೊಡುತ್ತೇನೆ. ಮೊದಲು ಭೂತಕಾಲದ 'ಶರಅ', ಆಮೇಲೆ ಕೆಲಸ ಶುರುಮಾಡಿದವರು, ಆಮೇಲೆ ವರ್ತಮಾನ ರೂಪದ ಕ್ರಿಯಾಪದ, ಮಧ್ಯೆ ಏನೂ ಬೇಡ. ಇಷ್ಟು ಅಭ್ಯಾಸವಾದರೆ ಸಾಕು. ಇಸ್ಮ್, ಖಬರ್, 'ನಸ್ಬಿನ ಸ್ಥಾನದಲ್ಲಿದೆ' ಎಂಬ ದೊಡ್ಡ ಮಾತುಗಳನ್ನು ನಾನು ಎತ್ತುವುದೇ ಇಲ್ಲ.

ಹಿರಿಯರು: ಅಚ್ಚು ಸಾಕು ಅನ್ನುತ್ತೀಯಲ್ಲ, ಹಾಗಾದರೆ ಈ ಎರಡನ್ನು ನೋಡು. 'ಅಖದಲ್ ವಲದುಲ್ ಕಿತಾಬ', ಹುಡುಗ ಪುಸ್ತಕ ತೆಗೆದುಕೊಂಡ. 'ಅಖದಲ್ ವಲದು ಯಬ್ಕೀ', ಹುಡುಗ ಅಳತೊಡಗಿದ. 'ಅಖದ' ಎರಡರಲ್ಲೂ ಅದೇ. ಮೊದಲನೆಯದರಲ್ಲಿ ಅದು ಪೂರ್ತಿ ಕ್ರಿಯಾಪದ, ತೆಗೆದುಕೊಳ್ಳುವ ಕೆಲಸ ಅಲ್ಲೇ ಇದೆ. ಎರಡನೆಯದರಲ್ಲಿ ಅದಕ್ಕೆ ಸ್ವಂತ ಕೆಲಸವೇ ಇಲ್ಲ, 'ಹುಡುಗ ಅಳುತ್ತಾನೆ' ಎಂಬ ಇಡೀ ವಾಕ್ಯದ ತಲೆಯ ಮೇಲೆ ಬಂದು ಕೂತು, ಅದು ಶುರುವಾಯಿತು ಎಂದು ಹೇಳುತ್ತದೆ. 'ಜಅಲ'ವೂ ಹಾಗೆ. ಒಮ್ಮೆ 'ಮಾಡಿದ', ಒಮ್ಮೆ 'ತೊಡಗಿದ'. 'ಅನ್ಶಅ' ಒಮ್ಮೆ 'ಕಟ್ಟಿದ', ಒಮ್ಮೆ 'ತೊಡಗಿದ'. ಯಾವುದು ಯಾವಾಗ ಅಂತ ಮಕ್ಕಳಿಗೆ ಹೇಗೆ ಗೊತ್ತಾಗಬೇಕು?

ಅಧ್ಯಾಪಕಿ: ಹಿಂದಿನಿಂದ ಏನು ಬರುತ್ತದೆ ಅಂತ ನೋಡಿದರೆ ಗೊತ್ತಾಗುತ್ತದೆ. ನಾಮಪದ ಬಂದರೆ ಹಳೆಯ ಅರ್ಥ, ವರ್ತಮಾನದ ಕ್ರಿಯಾಪದ ಬಂದರೆ ತೊಡಗುವ ಅರ್ಥ.

ಹಿರಿಯರು: ಅದೇ ನಾನು ಹೇಳುವ ಖಬರ್. ಹೆಸರಿಟ್ಟರೆ ನಿನಗೆ ಬೇಸರ, ಅಷ್ಟೇ. ನಮ್ಮ ಪಂಡಿತರು ಕೇಳಿದ್ದು ಇದು. 'ಖಾಲಿದುನ್ ಯಬ್ಕೀ', ಖಾಲಿದ್ ಅಳುತ್ತಾನೆ. ಅದರ ಮುಂದೆ 'ಕಾನ' ಇಟ್ಟರೆ ಖಾಲಿದ್ ಅಳುತ್ತಿದ್ದ. 'ಶರಅ' ಇಟ್ಟರೆ ಅಳತೊಡಗಿದ. 'ಕಾದ' ಇಟ್ಟರೆ ಇನ್ನೇನು ಅಳುವುದರಲ್ಲಿದ್ದ. ಮೂರರಲ್ಲೂ ಒಳಗಿನ ವಾಕ್ಯ ಕೆಡಲಿಲ್ಲ, ಮುಂದಿನ ಪದ ಮಾತ್ರ ಬದಲಾಯಿತು. ಅದಕ್ಕೇ 'ಕಾದ ಮತ್ತು ಅದರ ಸಹೋದರಿಯರು' ಎಂಬ ಪ್ರಕರಣವನ್ನು 'ಕಾನ'ದ ಸಾಲಿನಲ್ಲೇ ಇಟ್ಟರು. ವ್ಯತ್ಯಾಸ ಒಂದೇ. 'ಕಾನ'ದ ಖಬರ್ ನಾಮಪದವೂ ಆಗಬಹುದು, ವಾಕ್ಯವೂ ಆಗಬಹುದು. ಇವುಗಳ ಖಬರ್ ವರ್ತಮಾನದ ಕ್ರಿಯಾಪದವಿರುವ ವಾಕ್ಯವೇ ಆಗಬೇಕು.

ಅಧ್ಯಾಪಕಿ: ಆ ಕಡ್ಡಾಯವೇ ನನಗೆ ಅನುಮಾನ ಹುಟ್ಟಿಸುವುದು. 'ಕಾನ ಖಾಲಿದುನ್ ಮರೀದನ್' ಅಂದಾಗ 'ಮರೀದನ್' ಎಂಬಲ್ಲಿ ಕೊನೆಯ 'ಅನ್' ಸ್ವರ ಕಿವಿಗೆ ಬೀಳುತ್ತದೆ, ನಸ್ಬ್ ಇದೆ ಅಂತ ಒಪ್ಪಬಹುದು. 'ಕಾದ ಖಾಲಿದುನ್ ಯಬ್ಕೀ' ಅಂದರೆ ಯಾವ ನಸ್ಬೂ ಕೇಳುವುದಿಲ್ಲ. ಕೇಳದ್ದನ್ನು 'ಸ್ಥಾನದಲ್ಲಿದೆ' ಅಂತ ನಂಬಿಸಬೇಕು. 'ಕಾನ'ಕ್ಕೆ ಹೊಂದಿಸಲಿಕ್ಕಾಗಿ ಇದನ್ನು ತಂದಿಟ್ಟ ಹಾಗೆ ನನಗೆ ಕಾಣುತ್ತದೆ.

ಹಿರಿಯರು: ಕೇಳಿಸಿದ ಜಾಗವೂ ಇದೆ. ಇಸ್ಲಾಮಿಗಿಂತ ಹಿಂದಿನ ಕವಿ ತಅಬ್ಬತ ಶರ್ರನ್. ಶತ್ರುಗಳ ಕೈಯಿಂದ ತಪ್ಪಿಸಿಕೊಂಡು ತನ್ನ ಫಹ್ಮ್ ಕುಲದವರ ಬಳಿಗೆ ವಾಪಸು ಬಂದದ್ದನ್ನು ಹೇಳುವ ಪದ್ಯದಲ್ಲಿ, ಬರುತ್ತೇನೆ ಎಂಬ ನೆಚ್ಚಿಕೆಯೇ ಇರಲಿಲ್ಲ ಎನ್ನುವ ಕಡೆ ಅವನು 'ಕಾದ'ವನ್ನು ಬಳಸಿದ. ಆದರೆ ಅದರ ಹಿಂದೆ 'ಹಿಂತಿರುಗುತ್ತೇನೆ' ಎಂಬ ಕ್ರಿಯಾಪದ ಇಡಲಿಲ್ಲ. 'ಹಿಂತಿರುಗುವವನು' ಎಂಬ ನಾಮಪದ ಇಟ್ಟ, 'ಆಇಬನ್' ಅಂತ. ಕೊನೆಯ ಸ್ವರ ಕೇಳು. ಎಲ್ಲರೂ ಕ್ರಿಯಾಪದ ಇಡುವ ಜಾಗದಲ್ಲಿ ಒಬ್ಬ ನಾಮಪದ ಇಟ್ಟ ಕೂಡಲೇ ನಸ್ಬ್ ಹೊರಗೆ ಬಂತು. ಇಲ್ಲದಿದ್ದದ್ದು ಎಲ್ಲಿಂದ ಬರುತ್ತದೆ?

ಅಧ್ಯಾಪಕಿ: ಅದು ಬಲವಾದ ಸಾಕ್ಷಿ, ಒಪ್ಪಿದೆ. ಆದರೆ ಅಂಥದ್ದು ಬೆರಳೆಣಿಕೆಯಷ್ಟೇ. ಇಬ್ನ್ ಮಾಲಿಕನೇ ಅದನ್ನು ಅಪರೂಪ ಅಂದಿದ್ದಾನೆ. ಅಪರೂಪದ ಒಂದು ಪದ್ಯದಿಂದ ನಿತ್ಯದ ಸಾವಿರ ವಾಕ್ಯಗಳಿಗೆ ವಿಧಿ ಹಾಕಬಹುದೇ?

ಹಿರಿಯರು: ವಿಧಿ ಬಂದದ್ದು ಸಾವಿರ ವಾಕ್ಯಗಳಿಂದಲೇ. ಪದ್ಯ ತೋರಿಸಿದ್ದು ಆ ವಾಕ್ಯಗಳ ಒಳಗೆ ಇದ್ದದ್ದನ್ನು.

ಇಲ್ಲಿ ಸ್ವಲ್ಪ ಹೊತ್ತು ಮಾತು ನಿಂತಿತು. ಅಧ್ಯಾಪಕಿ ಒಂದು ಹಾಳೆಯ ಹಿಂಬದಿಯಲ್ಲಿ ಎರಡು ಸಾಲು ಬರೆದು ಹಿರಿಯರ ಮುಂದಿಟ್ಟರು. ಮೇಲೆ 'ಶರಅ ಅತ್ತುಲ್ಲಾಬು ಯಕ್ತುಬೂನ', ಕೆಳಗೆ 'ಔಶಕ ಅತ್ತುಲ್ಲಾಬು ಅನ್ ಯಕ್ತುಬೂ'. ಮೊದಲನೆಯದು ವಿದ್ಯಾರ್ಥಿಗಳು ಬರೆಯತೊಡಗಿದರು, ಎರಡನೆಯದು ಇನ್ನೇನು ಬರೆಯುವುದರಲ್ಲಿದ್ದರು. ಮೇಲಿನ ಸಾಲಿನ ಕೊನೆಯಲ್ಲಿರುವ 'ನ' ಕೆಳಗಿನ ಸಾಲಿನಲ್ಲಿ ಇಲ್ಲ. 'ಅನ್' ಬಂದರೆ ಬಹುವಚನದ ಆ 'ನ' ಉದುರಿಹೋಗುತ್ತದೆ, ಏಕವಚನದಲ್ಲಾದರೆ 'ಯಕ್ತುಬು' ಎಂಬುದು 'ಯಕ್ತುಬ' ಆಗುತ್ತದೆ. ಎರಡೂ ಸಾಲಿನಲ್ಲಿ ಮೊದಲ ಕ್ರಿಯಾಪದ ಏಕವಚನದಲ್ಲೇ ಉಳಿದಿದೆ, ಏಕೆಂದರೆ ಅದು ಕರ್ತೃವಿಗಿಂತ ಮುಂದೆ ಬಂದಿದೆ. ಕರ್ತೃವಿನ ಹಿಂದೆ ಬಂದ ಎರಡನೆಯದು ಬಹುವಚನ ತಾಳಿದೆ. ನಮ್ಮ 'ಬರೆಯತೊಡಗಿದರು' ಎಂಬಲ್ಲಿ 'ಬರೆಯ' ಎಂಬುದಕ್ಕೆ ಲಿಂಗವೂ ಇಲ್ಲ, ವಚನವೂ ಇಲ್ಲ, ಎಲ್ಲವನ್ನೂ 'ತೊಡಗಿದರು' ಹೊರುತ್ತದೆ. ಅರಬಿಯಲ್ಲಿ ಕಾಲವನ್ನು ಮೊದಲನೆಯದು ಹೊರುತ್ತದೆ, ಯಾರು ಎಷ್ಟು ಜನ ಎಂಬುದನ್ನು ಎರಡನೆಯದೂ ಹೇಳಲೇಬೇಕು. ಕನ್ನಡದ ಮಕ್ಕಳು 'ಶರಅ ಅತ್ತುಲ್ಲಾಬು ಯಕ್ತುಬು' ಎಂದು ಬರೆದು ನಿಲ್ಲಿಸುವುದು ಇದರಿಂದಲೇ. ಮತ್ತೆ ಕೆಲವರು ಎರಡನ್ನೂ ಭೂತಕಾಲಕ್ಕೆ ಎಳೆದು 'ಶರಅ ಕತಬ' ಎನ್ನುತ್ತಾರೆ. ಅದನ್ನು ಅರಬಿ ಕಿವಿ ಒಪ್ಪುವುದೇ ಇಲ್ಲ.

ಅಧ್ಯಾಪಕಿ: ಈಗ ಹೇಳಿ. 'ಶರಅ' ಆದರೆ 'ಅನ್' ಬೇಡ, 'ಔಶಕ' ಆದರೆ ಬೇಕು. ಏಕೆ?

ಹಿರಿಯರು: 'ಅನ್' ಬಂದ ಕ್ರಿಯಾಪದ ಮುಂದಕ್ಕೆ ನೋಡುತ್ತದೆ, ಇನ್ನೂ ಆಗದ್ದನ್ನು ಹೇಳುತ್ತದೆ. 'ಶರಅ' ಅಂದ ಮೇಲೆ ಕೆಲಸ ಆಗುತ್ತಿದೆ, ಕೈಯಲ್ಲಿದೆ. ಆಗುತ್ತಿರುವುದನ್ನೇ ಇನ್ನೂ ಆಗಬೇಕು ಎನ್ನಲಾಗದು. ಆದ್ದರಿಂದ 'ಶರಅ', 'ತಫಿಕ', 'ಜಅಲ', 'ಅಖದ' ಇವುಗಳ ಜೊತೆ 'ಅನ್' ನಿಷಿದ್ಧ. ಇದಕ್ಕೆ ಎದುರಿನಲ್ಲಿ 'ಅಸಾ' ಇದೆ, ಆಸೆಯ ಕ್ರಿಯಾಪದ. ಮಳೆ ಬಂದೀತು, ಅವನು ಏಳಬಹುದು ಎನ್ನುವ ಕಡೆ ಅದು. ಆಸೆಪಟ್ಟದ್ದು ಇನ್ನೂ ದೂರ. ಹಾಗಾಗಿ ಅಲ್ಲಿ 'ಅನ್' ಬರುವುದೇ ಹೆಚ್ಚು. 'ಹರಾ', 'ಇಖ್ಲೌಲಕ' ಎಂಬ ಅದರ ಜೊತೆಯವಕ್ಕಂತೂ ಕಡ್ಡಾಯ. 'ಕಾದ' ನಡುವೆ ನಿಂತಿದೆ. ಕೆಲಸ ಆಗಿಲ್ಲ, ಆದರೆ ತೀರ ಹತ್ತಿರಕ್ಕೆ ಬಂದಿದೆ. ಹತ್ತಿರ ಬಂದಿರುವುದರಿಂದ 'ಅನ್' ಬಿಡುವುದೇ ಹೆಚ್ಚು, ಕುರ್‌ಆನಿನಲ್ಲಿ 'ಕಾದ'ದ ಜೊತೆ 'ಅನ್' ಒಮ್ಮೆಯೂ ಬಂದಿಲ್ಲ. ಆಗಿಲ್ಲದ್ದರಿಂದ ಎಲ್ಲೋ ಒಮ್ಮೊಮ್ಮೆ ಸೇರುವುದೂ ಉಂಟು. ಎರಡನೆಯ ಕ್ರಿಯಾಪದ ಕೆಲಸದಿಂದ ಎಷ್ಟು ದೂರದಲ್ಲಿದೆಯೋ ಅಷ್ಟಕ್ಕೆ 'ಅನ್' ಇದೆ.

ಅಧ್ಯಾಪಕಿ: ಕೇಳಲಿಕ್ಕೆ ಬಹಳ ಚೆಂದ ಉಸ್ತಾದರೇ. ಆದರೆ ನಾನು ಬರೆದ ಕೆಳಗಿನ ಸಾಲು ನಿಮ್ಮ ಮಾತನ್ನು ಒಪ್ಪುವುದಿಲ್ಲ. 'ಕಾದ' ಅಂದರೂ ಇನ್ನೇನು, 'ಔಶಕ' ಅಂದರೂ ಇನ್ನೇನು. ಹತ್ತಿರ ಎಂಬುದರಲ್ಲಿ ಎರಡೂ ಒಂದೇ ಗುಂಪು ಅಂತ ನಿಮ್ಮ ಪುಸ್ತಕವೇ ಹೇಳುತ್ತದೆ. ಹಾಗಿದ್ದರೆ 'ಕಾದ' ಹೆಚ್ಚಾಗಿ 'ಅನ್' ಬಿಡುವುದೇಕೆ, 'ಔಶಕ' ಹೆಚ್ಚಾಗಿ 'ಅನ್' ಹಿಡಿಯುವುದೇಕೆ? ದೂರ ಒಂದೇ ಇದ್ದರೂ ನಡತೆ ಬೇರೆ.

ಹಿರಿಯರು: 'ಔಶಕ'ದ ಹುಟ್ಟು ಬೇರೆ. ಅದರ ಮೂಲದಲ್ಲಿರುವುದು ವೇಗ, ಬೇಗ ಮಾಡುವುದು. 'ಬರೆಯಲು ಧಾವಿಸಿದ' ಎಂಬಂಥ ಅರ್ಥದಿಂದ 'ಇನ್ನೇನು ಬರೆಯಲಿದ್ದ' ಎಂಬಲ್ಲಿಗೆ ಬಂತು. ಧಾವಿಸುವವನು ಮುಂದಿರುವುದರ ಕಡೆಗೆ ಹೋಗುತ್ತಾನೆ. ಆ 'ಕಡೆಗೆ' ಎಂಬುದು 'ಅನ್'ನಲ್ಲಿ ಉಳಿದುಕೊಂಡಿದೆ.

ಅಧ್ಯಾಪಕಿ: ಅಂದರೆ ಕಾರಣ ಆ ಪದದ ಹಳೆಯ ಬಾಳುವೆಯಲ್ಲಿದೆ, ಈಗಿನ ಅರ್ಥದಲ್ಲಿಲ್ಲ. ಪ್ರತಿ ಪದಕ್ಕೂ ಅದರದೇ ಚರಿತ್ರೆ. ಹಾಗಾದರೆ ನಾನು ಮಕ್ಕಳಿಗೆ 'ಇದಕ್ಕೆ ಅನ್ ಬೇಕು, ಇದಕ್ಕೆ ಬೇಡ' ಅಂತ ಒಂದೊಂದಾಗಿ ಬಾಯಿಪಾಠ ಮಾಡಿಸುವುದೇ ಪ್ರಾಮಾಣಿಕ ದಾರಿ. ಇನ್ನೊಂದು ಮಾತು. 'ಅನ್' ಮತ್ತು ಕ್ರಿಯಾಪದ ಸೇರಿದರೆ ಒಂದು ಕ್ರಿಯಾನಾಮಕ್ಕೆ ಸಮ ಅಂತ ನೀವೇ ಕಲಿಸುತ್ತೀರಿ. 'ಅನ್ ಯಕೂಮ' ಅಂದರೆ 'ಏಳುವಿಕೆ'. 'ಅಸಾ ಖಾಲಿದುನ್ ಅನ್ ಯಕೂಮ' ಎಂಬಲ್ಲಿ ಅದು ಖಬರ್ ಆದರೆ, ಒಳಗಿನ ವಾಕ್ಯ 'ಖಾಲಿದ್ ಏಳುವಿಕೆ' ಅಂತಾಗುತ್ತದೆ. ಮನುಷ್ಯ ಏಳುವಿಕೆ ಆಗುತ್ತಾನೆಯೇ?

ಹಿರಿಯರು: ಈ ಪ್ರಶ್ನೆ ಹಳಬರನ್ನೂ ಕಾಡಿದೆ. ಕೆಲವರು 'ಖಾಲಿದನ ಸಂಗತಿ ಏಳುವಿಕೆ' ಎಂದು ನಡುವೆ ಒಂದು ಪದ ಅಡಗಿದೆ ಅಂದರು. ಕೆಲವರು ಅದು ಖಬರ್ ಅಲ್ಲ, ಕರ್ಮದ ಹಾಗೆ ಅಂದರು. ಕೂಫಾದವರು ಅದನ್ನು ಖಾಲಿದನಿಗೇ ಅಂಟಿಕೊಂಡ ಬದಲಿ ಪದ ಅಂದರು. ನನಗೆ ಮೂರರಲ್ಲಿ ಯಾವುದೂ ಪೂರ್ತಿ ಹಿಡಿಸಿಲ್ಲ. ಆದರೂ ಕೇಳು, ಈ ತೊಡಕು ಬಂದದ್ದು 'ಅನ್' ಇರುವ ಕಡೆ. 'ಶರಅ' ಮತ್ತು 'ಕಾದ'ದಲ್ಲಿ 'ಅನ್' ಇಲ್ಲವಲ್ಲ, ಅಲ್ಲಿ ಖಬರ್ ನೆಟ್ಟಗೆ ನಿಲ್ಲುತ್ತದೆ.

ಅಧ್ಯಾಪಕಿ: ಇವತ್ತಿನ ಅರಬಿ ಪತ್ರಿಕೆ ಓದಿದರೆ ಇನ್ನೂ ಬೇರೆ ಕಾಣುತ್ತದೆ. 'ಶರಅ' ಆದಮೇಲೆ 'ಫೀ' ಹಾಕಿ ಕ್ರಿಯಾನಾಮ ಬರೆಯುತ್ತಾರೆ, 'ಶರಅ ಫಿಲ್ ಕಿತಾಬತಿ', ಬರವಣಿಗೆಯಲ್ಲಿ ತೊಡಗಿದ. 'ಔಶಕ' ಆದಮೇಲೆ 'ಅಲಾ' ಹಾಕಿ, 'ಔಶಕಲ್ ಅಮಲು ಅಲಲ್ ಇಂತಿಹಾ', ಕೆಲಸ ಮುಗಿಯುತ್ತ ಬಂತು. ಖಬರ್ ವರ್ತಮಾನದ ಕ್ರಿಯಾಪದವೇ ಆಗಬೇಕು ಎಂಬ ನಿಯಮ ಎಲ್ಲಿ ಹೋಯಿತು?

ಹಿರಿಯರು: ಎಲ್ಲೂ ಹೋಗಲಿಲ್ಲ. 'ಫೀ', 'ಅಲಾ' ಬಂದ ಕೂಡಲೇ ಅದು ಪೂರ್ತಿ ಕ್ರಿಯಾಪದವಾಯಿತು, 'ಕಾದ'ದ ಮನೆಯಿಂದ ಹೊರಗೆ ಹೋಯಿತು. ಇದನ್ನು ತಿಳಿಯದ ಹುಡುಗ ಎರಡನ್ನೂ ಬೆರೆಸಿ 'ಶರಅ ಫೀ ಯಕ್ತುಬು' ಅಂತ ಬರೆಯುತ್ತಾನೆ. ನಿನ್ನ ಕಟ್ಟಿನಲ್ಲಿ ಹುಡುಕು, ಸಿಗುತ್ತದೆ.

ಅಧ್ಯಾಪಕಿ: ಸಿಕ್ಕಿದೆ. ಎರಡು ಪತ್ರಿಕೆಗಳಲ್ಲಿ.

ಹಿರಿಯರು: ನೋಡು. ಅಚ್ಚು ಮಾತ್ರ ಕಲಿತವನಿಗೆ ಎರಡು ಅಚ್ಚು ಎದುರಾದಾಗ ಯಾವುದು ಎಲ್ಲಿ ನಿಲ್ಲುತ್ತದೆ ಎಂಬುದು ತಿಳಿಯುವುದಿಲ್ಲ.

ಈವರೆಗೆ ಮಾತು ವಾಕ್ಯದ ಹೊರಮೈಯ ಮೇಲಿತ್ತು. 'ಕಾದ'ಕ್ಕೆ ನಿಷೇಧ ಸೇರಿದರೆ ಏನಾಗುತ್ತದೆ ಎಂಬಲ್ಲಿಗೆ ಅದು ತಿರುಗಿದ್ದು ಅಧ್ಯಾಪಕಿಯಿಂದ. ಅರಬಿ ವ್ಯಾಕರಣದಲ್ಲಿ ಇದಕ್ಕೊಂದು ಒಗಟೇ ಇದೆ, ಕುರುಡು ಕವಿ ಅಬುಲ್ ಅಲಾ ಅಲ್ ಮಅರ್ರಿಯ ಹೆಸರಿನಲ್ಲಿ ಹರಿದಾಡುತ್ತದೆ. ಇದೆ ಎಂದರೆ ಇಲ್ಲ ಎನ್ನುವ, ಇಲ್ಲ ಎಂದರೆ ಇದೆ ಎನ್ನುವ ಪದ ಯಾವುದು ಎಂಬುದು ಅದರ ಸಾರ. 'ಕಾದ ಯಸ್ಕುತು' ಅಂದರೆ ಇನ್ನೇನು ಬೀಳುತ್ತಿದ್ದ, ಅಂದರೆ ಬೀಳಲಿಲ್ಲ. ಹಾಗಾದರೆ 'ಮಾ ಕಾದ ಯಸ್ಕುತು' ಅಂದರೆ ಬಿದ್ದ ಎಂದೇ?

ಅಧ್ಯಾಪಕಿ: ನಾನು ಹೌದು ಅನ್ನುತ್ತೇನೆ. ಈಗಿನ ಬಳಕೆಯೇ ಸಾಕ್ಷಿ. 'ಮಾ ಕಾದ ಯಸಿಲು ಹತ್ತಾ' ಎಂದು ಶುರುವಾದ ವಾಕ್ಯವನ್ನು ಯಾವ ಅರಬನೂ 'ತಲುಪಲಿಲ್ಲ' ಎಂದು ಓದುವುದಿಲ್ಲ. ಅವನು ತಲುಪಿದ್ದೇ ತಡ, ಮಳೆ ಹಿಡಿಯಿತು, ಹೀಗೆ. ತಲುಪಿದ್ದಾನೆ.

ಹಿರಿಯರು: 1360ರಲ್ಲಿ ತೀರಿಕೊಂಡ ಕೈರೋದ ಇಬ್ನ್ ಹಿಶಾಮ್ ಇದನ್ನು ಜನರ ಬಾಯಲ್ಲಿ ಹಬ್ಬಿದ ತಪ್ಪು ಎಂದು ತಳ್ಳಿಹಾಕಿದ್ದಾನೆ. ಅವನ ವಾದ ಸರಳ. 'ಕಾದ' ಎಲ್ಲ ಕ್ರಿಯಾಪದಗಳ ಹಾಗೆಯೇ ಒಂದು ಕ್ರಿಯಾಪದ. ಅದರ ಅರ್ಥ ಹತ್ತಿರವಾಗುವುದು. 'ಕಾದ' ಅಂದರೆ ಹತ್ತಿರವಾದ, 'ಮಾ ಕಾದ' ಅಂದರೆ ಹತ್ತಿರವೂ ಆಗಲಿಲ್ಲ. ಹತ್ತಿರವಾಗದವನು ಆ ಕೆಲಸ ಮಾಡಿರುವುದಂತೂ ದೂರದ ಮಾತು. ಆಳ ಕಡಲಿನ ಕತ್ತಲೆಯ ಮೇಲೆ ಕತ್ತಲೆ ಕವಿದದ್ದನ್ನು ಹೇಳುವ ಕುರ್‌ಆನಿನ 24ನೇ ಅಧ್ಯಾಯದ ಆಯತ್ ನೆನಪಿಸಿಕೋ. ಕೈ ಚಾಚಿದರೆ ಆ ಕೈಯೂ ಕಾಣುವುದಿಲ್ಲ ಎಂಬಲ್ಲಿ ಬಂದಿರುವುದು ನಿಷೇಧದ 'ಕಾದ'ವೇ. ಕಷ್ಟಪಟ್ಟು ಕಂಡ ಅಂತ ಓದಿದರೆ ಆ ಕತ್ತಲೆಗೆ ಅರ್ಥವೇ ಇಲ್ಲ. ಕಾಣುವುದರ ಹತ್ತಿರಕ್ಕೂ ಬರಲಿಲ್ಲ ಅಂತಲೇ ಓದಬೇಕು.

ಅಧ್ಯಾಪಕಿ: ಎರಡನೇ ಅಧ್ಯಾಯದ ಹಸುವಿನ ಪ್ರಸಂಗಕ್ಕೆ ಏನು ಹೇಳುತ್ತೀರಿ? ಬನೀ ಇಸ್ರಾಯೀಲರು ಹಸು ಎಂಥದು, ಬಣ್ಣ ಯಾವುದು ಅಂತ ಕೇಳಿ ಕೇಳಿ ಕೊನೆಗೆ ಅದನ್ನು ಕೊಯ್ದರು. ಅಲ್ಲಿಯೂ ನಿಷೇಧದ 'ಕಾದ' ಇದೆ. ಅವರು ಕೊಯ್ದದ್ದಂತೂ ಖಚಿತ.

ಹಿರಿಯರು: ಕೊಯ್ದರು ಎಂಬುದು 'ಕೊಯ್ದರು' ಎಂಬ ಪದದಿಂದಲೇ ತಿಳಿಯಿತು. ಅದಕ್ಕಿಂತ ಮುಂಚಿನ ಅವರ ಸ್ಥಿತಿಯನ್ನು 'ಕಾದ' ಹೇಳಿತು. ಅಷ್ಟು ಪ್ರಶ್ನೆ ಕೇಳುತ್ತಿದ್ದವರು ಕೊಯ್ಯುವುದರ ಹತ್ತಿರವೂ ಇರಲಿಲ್ಲ. ಎರಡು ಮಾತು, ಎರಡು ಹೊತ್ತು. ತಅಬ್ಬತ ಶರ್ರನ್ ಪದ್ಯವೂ ಹೀಗೇ. ಹಿಂತಿರುಗಿದೆ ಎಂದು ಒಂದು ಕ್ರಿಯಾಪದದಲ್ಲಿ ಹೇಳಿದ, ಹಿಂತಿರುಗುವ ನೆಚ್ಚಿಕೆ ಇರಲಿಲ್ಲ ಎಂದು 'ಕಾದ'ದಲ್ಲಿ ಹೇಳಿದ. 'ಕಾದ' ಒಂದೇ ಇದ್ದರೆ ನಿಷೇಧ ನಿಷೇಧವೇ. ಪಕ್ಕದಲ್ಲಿ ಇನ್ನೊಂದು ಕ್ರಿಯಾಪದ ಇದ್ದರೆ ಮಾತ್ರ ಕೆಲಸ ಆಯಿತು ಎಂದು ತಿಳಿಯುತ್ತದೆ. ನಿನ್ನ 'ಮಾ ಕಾದ ಯಸಿಲು ಹತ್ತಾ' ಎಂಬಲ್ಲಿ 'ಹತ್ತಾ' ಆ ಕೆಲಸ ಮಾಡುತ್ತದೆ.

ಅಧ್ಯಾಪಕಿ: ಅರಬರ ಕಿವಿಯೇ ಇದರಲ್ಲಿ ತಡವರಿಸಿದೆ. ಝುರ್ರುಮ್ಮನ ಕಥೆ ಹೇಳಿ, ನಿಮ್ಮ ಬಾಯಲ್ಲಿ ಕೇಳಬೇಕು.

ಹಿರಿಯರು: ಝುರ್ರುಮ್ಮ ಮರಳುಗಾಡಿನ ದೊಡ್ಡ ಕವಿ, 735ರ ಹೊತ್ತಿಗೆ ತೀರಿಕೊಂಡವನು. ಕೂಫಾದ ಸಂತೆಯಲ್ಲಿ ಒಂಟೆ ನಿಲ್ಲಿಸಿಕೊಂಡು ತನ್ನ ಪದ್ಯ ಹೇಳುತ್ತಿದ್ದ. ಅಗಲಿಕೆ ಬೇರೆ ಪ್ರೇಮಿಗಳನ್ನು ಬದಲಿಸಿದರೂ ಮಯ್ಯಾಳ ಮೇಲಿನ ತನ್ನ ಪ್ರೀತಿ ಕದಲುವ ಸುಳಿವೂ ಇಲ್ಲ ಎಂಬ ಅರ್ಥದ ಸಾಲು, ಅದರಲ್ಲಿ 'ಲಮ್ ಯಕದ್'. ಅಲ್ಲಿದ್ದ ಪಂಡಿತ ಇಬ್ನ್ ಶುಬ್ರುಮ, ಹಾಗಾದರೆ ಕದಲಿತು ಎಂದಾಯಿತಲ್ಲ ಎಂದು ಕೂಗಿದ. ಕವಿ ಒಂಟೆಯನ್ನು ಹಿಂದಕ್ಕೆಳೆದು ಯೋಚಿಸಿ, 'ಲಮ್ ಯಕದ್' ತೆಗೆದು 'ಲಮ್ ಅಜಿದ್' ಹಾಕಿದ, 'ಕದಲುವುದು ನನಗೆ ಕಾಣಲಿಲ್ಲ' ಎಂದು. ಆ ಸಂತೆಯಲ್ಲಿದ್ದ ಒಬ್ಬ ಮನೆಗೆ ಹೋಗಿ ತಂದೆಗೆ ಇದನ್ನು ಹೇಳಿದಾಗ ತಂದೆ, ತಪ್ಪು ಹಿಡಿದವನೂ ತಪ್ಪಿದ, ತಿದ್ದಿದವನೂ ತಪ್ಪಿದ, ಕತ್ತಲೆಯ ಆಯತ್ತಿನಲ್ಲಿ ಇರುವುದು ಇದೇ ಅಲ್ಲವೇ ಎಂದರಂತೆ. 1078ರಲ್ಲಿ ತೀರಿಕೊಂಡ ಅಬ್ದುಲ್ ಕಾಹಿರ್ ಅಲ್ ಜುರ್ಜಾನಿ ಈ ಕಥೆ ಬರೆದು, ತಂದೆಯ ಪಕ್ಷವೇ ಸರಿ ಎಂದು ವಿವರಿಸಿದ್ದಾನೆ.

ಅಧ್ಯಾಪಕಿ: ನನಗೆ ಮುಖ್ಯವಾದದ್ದು ಬೇರೆ. ಇಬ್ನ್ ಶುಬ್ರುಮ ಅರಬ. ಝುರ್ರುಮ್ಮ ಅರಬಿಯ ಸಾಕ್ಷಿಗೆ ವ್ಯಾಕರಣದವರೇ ಹುಡುಕುವ ಕವಿ. ಆ ಕ್ಷಣದಲ್ಲಿ ಇಬ್ಬರ ಕಿವಿಗೂ 'ಲಮ್ ಯಕದ್' ಅಂದರೆ 'ಕೊನೆಗೂ ಆಯಿತು' ಎಂದು ಕೇಳಿಸಿದೆ. ಹಾಗೆ ಕೇಳಿಸಿದ್ದನ್ನು ಮೂರು ಶತಮಾನ ಕಳೆದು ಬಂದ ವಾದದಿಂದ ಅಳಿಸಲಾಗದು. ಇಬ್ನ್ ಹಿಶಾಮ್ ಜನರ ತಪ್ಪು ಅಂದದ್ದು ಜನರ ಭಾಷೆಯೇ ಆಗಿತ್ತೇನೋ.

ಹಿರಿಯರು: ಆದರೆ ಕವಿಯ ಬಾಯಿಗೆ ಮೊದಲು ಬಂದದ್ದು 'ಲಮ್ ಯಕದ್'. ಸಂಶಯ ಬಂದದ್ದು ಕೂಗಿದ ಮೇಲೆ.

ಅಧ್ಯಾಪಕಿ: ಅದೂ ಸರಿಯೇ. ಇನ್ನು ನಾನು ಕೇಳಲಿಕ್ಕೇ ಬಂದ ಸಂಗತಿ. ನಾನೊಂದು ಹದೀಸನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹಿಜರಿ 5ರ ಕಂದಕ ಯುದ್ಧದ ಹೊತ್ತು, ಅಂದರೆ 627. ಉಮರ್ ಅವರು ಸೂರ್ಯ ಮುಳುಗಿದ ಮೇಲೆ ಬಂದು, ಕುರೈಶರನ್ನು ಬಯ್ಯುತ್ತ, ಅಸರ್ ನಮಾಜಿನ ಬಗ್ಗೆ ಪ್ರವಾದಿಯವರ ಹತ್ತಿರ ಹೇಳುವ ಮಾತು. ಅದರಲ್ಲಿ 'ಕಾದ' ಎರಡು ಸಲ ಇದೆ. ನಮಾಜಿಗೆ ನಿಷೇಧದೊಡನೆ, ಸೂರ್ಯನಿಗೆ ನಿಷೇಧವಿಲ್ಲದೆ. ಸೂರ್ಯ ಇನ್ನೇನು ಮುಳುಗುವವರೆಗೂ ನಮಾಜು 'ಮಾ ಕಿದ್ತು'. ನಮಾಜು ಮಾಡಿದರೋ, ಇಲ್ಲವೋ?

ಹಿರಿಯರು: 1449ರಲ್ಲಿ ತೀರಿಕೊಂಡ ಇಬ್ನ್ ಹಜರ್ ಬುಖಾರಿಯ ವ್ಯಾಖ್ಯಾನ 'ಫತ್‌ಹುಲ್ ಬಾರಿ'ಯಲ್ಲಿ ಇದನ್ನು ಎತ್ತಿಕೊಂಡಿದ್ದಾನೆ. ಅಲ್ಲಿ ಯಅಮುರಿ ಎಂಬ ಪಂಡಿತನ ಮಾತನ್ನು ಕೊಡುತ್ತಾನೆ. ನಮಾಜಿನ ನಿಷೇಧ ನಮಾಜು ಆದದ್ದನ್ನು ಹೇಳುತ್ತದೆ, ಮುಳುಗುವುದರ ವಿಧಿ ಮುಳುಗದಿದ್ದದ್ದನ್ನು ಹೇಳುತ್ತದೆ. ಅಂದರೆ ಸೂರ್ಯ ಮುಳುಗುವ ಮುಂಚೆ ಉಮರ್ ನಮಾಜು ಮುಗಿಸಿದರು.

ಅಧ್ಯಾಪಕಿ: ಉಸ್ತಾದರೇ, ಇದು ನೀವು ಈಗ ತಳ್ಳಿಹಾಕಿದ ವಾದವೇ ಅಲ್ಲವೇ? ನಿಷೇಧ ಇದ್ದರೆ ಆಯಿತು ಎಂದು ಅರ್ಥ.

ಹಿರಿಯರು: ಮಾತು ಹಾಗೆ ಕೇಳುತ್ತದೆ, ನಿಜ. ಆದರೆ ಇಲ್ಲಿಯೂ 'ಹತ್ತಾ' ಇದೆ. ಸೂರ್ಯ ಮುಳುಗುವ ಹೊತ್ತಿನವರೆಗೆ ನಮಾಜಿನ ಹತ್ತಿರವೂ ಬರಲಾಗಲಿಲ್ಲ, ಆ ಹೊತ್ತಿಗೆ ಆಯಿತು. ಇಬ್ನ್ ಹಿಶಾಮ್ ಹೇಳಿದ ದಾರಿಯಲ್ಲೇ ಹೋದರೂ ಅಲ್ಲಿಗೇ ತಲುಪಬಹುದು.

ಅಧ್ಯಾಪಕಿ: ತಲುಪದೆಯೂ ಇರಬಹುದು. ಅದೇ ಪುಟದಲ್ಲಿ ಇನ್ನೊಬ್ಬ ವ್ಯಾಖ್ಯಾನಕಾರ ಕಿರ್ಮಾನಿಯ ಮಾತೂ ಇದೆ. ಈ ವಾಕ್ಯದಿಂದ ಮುಳುಗುವ ಮುಂಚೆ ನಮಾಜು ಆಯಿತು ಎಂದು ಕಡ್ಡಾಯವಾಗಿ ಹೇಳಲಾಗದು ಎನ್ನುತ್ತಾನೆ ಅವನು. ನಮಾಜಿನ ಹತ್ತಿರಕ್ಕೂ ಬರಲಿಲ್ಲ ಎಂದರೆ ನಮಾಜು ಆಗಲೇ ಇಲ್ಲ ಎಂದೇ ತಿಳಿಯಬಹುದಲ್ಲ. ಕಥೆಯ ಮುಂದಿನ ಭಾಗವೂ ಅತ್ತ ವಾಲುತ್ತದೆ. ಪ್ರವಾದಿಯವರು ತಾವೂ ಅಸರ್ ಮಾಡಿಲ್ಲ ಎಂದರು. ಆಮೇಲೆ ಬುತ್‌ಹಾನ್ ಕಣಿವೆಗೆ ಹೋಗಿ ವುಳೂ ಮಾಡಿಕೊಂಡು, ಸೂರ್ಯ ಮುಳುಗಿದ ಮೇಲೆ ಅಸರ್, ಆಮೇಲೆ ಮಗ್ರಿಬ್. ಎಲ್ಲರಿಗೂ ತಪ್ಪಿದ್ದು ಉಮರ್ ಒಬ್ಬರಿಗೆ ಹೇಗೆ ಸಿಕ್ಕಿತು?

ಹಿರಿಯರು: ಆ ಪ್ರಶ್ನೆಯನ್ನೂ ಇಬ್ನ್ ಹಜರ್ ಎತ್ತಿ ಉತ್ತರ ಕೊಟ್ಟಿದ್ದಾನೆ. ಶತ್ರುಗಳ ಗದ್ದಲ ಮುಳುಗುವ ಹೊತ್ತಿನವರೆಗೂ ಇದ್ದಿರಬಹುದು, ಉಮರ್ ಅವರಿಗೆ ವುಳೂ ಮೊದಲೇ ಇದ್ದಿರಬಹುದು, ಬಿಡುವು ಸಿಕ್ಕ ಕೂಡಲೇ ನಮಾಜಿಗೆ ನಿಂತಿರಬಹುದು. ಬೇರೆಯವರು ವುಳೂ ಮಾಡುವಷ್ಟರಲ್ಲಿ ಹೊತ್ತು ಮೀರಿತು.

ಅಧ್ಯಾಪಕಿ: ನೋಡಿ, ಉಮರ್ ಅವರಿಗೆ ವುಳೂ ಇತ್ತು ಎಂದು ಹದೀಸಿನ ಯಾವ ಪದವೂ ಹೇಳುವುದಿಲ್ಲ. 'ಕಾದ'ದ ನಿಷೇಧವನ್ನು 'ಆಯಿತು' ಎಂದು ಓದಿದ್ದರಿಂದ ಆ ವುಳೂ ಹುಟ್ಟಿಕೊಂಡಿತು. ವ್ಯಾಕರಣದ ಒಂದು ನಿಯಮ ಕಂದಕದ ಸಂಜೆಗೆ ಒಂದು ಹೊಸ ಸಂಗತಿಯನ್ನೇ ಸೇರಿಸಿದೆ. ಇನ್ನೂ ಒಂದು ಇದೆ. ಈ ಹದೀಸಿನ ಕೆಲವು ಪಾಠಗಳಲ್ಲಿ 'ಕಾದ'ದ ಜೊತೆ 'ಅನ್' ಇದೆ, ಕೆಲವು ಪಾಠಗಳಲ್ಲಿ ಇಲ್ಲ. 'ಅನ್' ಇರುವ ಪಾಠವನ್ನು ಹಿಡಿದು ಇಬ್ನ್ ಮಾಲಿಕ, ಗದ್ಯದಲ್ಲೂ 'ಕಾದ'ಕ್ಕೆ 'ಅನ್' ಸೇರಬಹುದು ಎಂದು ಸಾಧಿಸುತ್ತಾನೆ. ಇಬ್ನ್ ಹಜರ್ ಅದು ಹೇಳಿದವರಿಂದ ಹೇಳಿದವರಿಗೆ ಬರುವಾಗ ಆದ ಬದಲಾವಣೆ ಎನ್ನುತ್ತಾನೆ. ಉಮರ್ ಅವರ ಬಾಯಿಂದ ಬಂದ ಪದ ಯಾವುದೆಂದೇ ತಿಳಿಯದಿದ್ದರೆ, ಆ ಪದದ ಮೇಲೆ ಇಷ್ಟು ಭಾರ ಹೇರಬಹುದೇ?

ಹಿರಿಯರು: ಇಬ್ನ್ ಮಾಲಿಕನಿಗೆ ಗ್ರನಾಡಾದ ಅಬೂ ಹಯ್ಯಾನ್ ಇದೇ ಆಕ್ಷೇಪ ಹಾಕಿದ, ಹದೀಸು ಹೇಳಿದವರಲ್ಲಿ ಅರಬಿ ತಾಯಿನುಡಿಯಲ್ಲದವರೂ ಇದ್ದರು, ಅವರು ಅರ್ಥ ಉಳಿಸಿಕೊಂಡು ಪದ ಬದಲಿಸಿದರು ಎಂದು. ನನ್ನ ಉತ್ತರ ಇದು. 'ಅನ್' ಹೋದೀತು, ಬಂದೀತು. ಆದರೆ ಅದು ಇರುವ ಪಾಠದಲ್ಲೂ ಇಲ್ಲದ ಪಾಠದಲ್ಲೂ 'ಕಾದ' ಉಳಿದಿದೆ, ಅದರ ಹಿಂದೆ ವರ್ತಮಾನದ ಕ್ರಿಯಾಪದ ಉಳಿದಿದೆ, 'ಹತ್ತಾ' ಉಳಿದಿದೆ. ಹೇಳಿದವರು ಆ ಕಟ್ಟನ್ನು ಮುರಿಯಲಿಲ್ಲ. ಭಾರ ಹೊರುವುದು ಆ ಕಟ್ಟು, 'ಅನ್' ಅಲ್ಲ. ವುಳೂ ಮಾತಿಗೆ ಬಂದರೆ, ಇಬ್ನ್ ಹಜರ್ 'ಇತ್ತು' ಎನ್ನಲಿಲ್ಲ, 'ಇದ್ದಿರಬಹುದು' ಎಂದ. ನೀನು ಕನ್ನಡದಲ್ಲಿ ಹೇಗೆ ಬರೆದೆ?

ಅಧ್ಯಾಪಕಿ: 'ಸೂರ್ಯ ಇನ್ನೇನು ಮುಳುಗುವವರೆಗೂ ನನಗೆ ಅಸರ್ ನಮಾಜು ಮಾಡಲು ಆಗಲೇ ಇಲ್ಲ.'

ಹಿರಿಯರು: ಓದುವವನು ನಮಾಜು ತಪ್ಪಿತು ಎಂದು ತಿಳಿಯುತ್ತಾನೆ.

ಅಧ್ಯಾಪಕಿ: ಕೆಲವರು ಹಾಗೆ ತಿಳಿಯುತ್ತಾರೆ. ಕೆಲವರು 'ಮುಳುಗುವವರೆಗೂ' ಎಂಬುದನ್ನು ಹಿಡಿದು, ಆ ಹೊತ್ತಿಗೆ ಮಾಡಿದರು ಎಂದು ತಿಳಿಯುತ್ತಾರೆ. ಅರಬಿಯಲ್ಲಿ ಯಅಮುರಿಗೂ ಕಿರ್ಮಾನಿಗೂ ಜಾಗ ಇದೆ ಅಂದಮೇಲೆ ಕನ್ನಡದಲ್ಲೂ ಇಬ್ಬರಿಗೂ ಜಾಗ ಇರಲಿ ಎಂಬುದು ನನ್ನ ಮನಸ್ಸು.

ಹಿರಿಯರು: ಪುಸ್ತಕದಲ್ಲಿ ಎರಡು ಅಭಿಪ್ರಾಯ ಇರುವುದು ಬೇರೆ, ಹೇಳಿದವರ ಮನಸ್ಸಿನಲ್ಲಿ ಎರಡು ಇರುವುದು ಬೇರೆ. ಉಮರ್ ಅವರಿಗೆ ತಾನು ನಮಾಜು ಮಾಡಿದೆನೋ ಇಲ್ಲವೋ ಗೊತ್ತಿತ್ತು. ನಾನಾದರೆ 'ಸೂರ್ಯ ಇನ್ನೇನು ಮುಳುಗುವ ಹೊತ್ತಿಗೆ ಹೇಗೋ ಅಸರ್ ನಮಾಜು ಮಾಡಿದೆ' ಎಂದು ಬರೆಯುತ್ತೇನೆ.

ಅಧ್ಯಾಪಕಿ: 'ಹೇಗೋ' ಎಂಬುದು ಮೂಲದಲ್ಲಿಲ್ಲ.

ಹಿರಿಯರು: 'ಮಾ ಕಿದ್ತು' ಎಂಬುದರಲ್ಲಿ ಇದೆ.

ಅಧ್ಯಾಪಕಿ: ನಿಮ್ಮ ಇಬ್ನ್ ಹಿಶಾಮನನ್ನು ಕೇಳಿದರೆ ಇಲ್ಲ ಎನ್ನುತ್ತಾನೆ. ನಾನು ನನ್ನ ಸಾಲನ್ನೇ ಇಟ್ಟು, ಕೆಳಗೆ ಟಿಪ್ಪಣಿಯಲ್ಲಿ ನಿಮ್ಮ ಸಾಲನ್ನು ಹಾಕುತ್ತೇನೆ.

ಹಿರಿಯರು: ನನ್ನದು ಮೇಲಿರಲಿ, ನಿನ್ನದು ಟಿಪ್ಪಣಿಗೆ ಹೋಗಲಿ. 'ಹತ್ತಾ' ಇರುವ ಕಡೆಗಳನ್ನೆಲ್ಲ ಒಮ್ಮೆ ಪಟ್ಟಿ ಮಾಡಿಕೊಂಡು ಬಾ. ಒಂದೊಂದಾಗಿ ಓದೋಣ, ಎಲ್ಲಾದರೂ ಕೆಲಸ ಆಗದೆ ಉಳಿದ ಸಾಲು ಸಿಕ್ಕರೆ ಆಗ ನೋಡುವ.